184 ಮಂದಿ ಸಿಬ್ಬಂದಿಗೆ 58 ಅಧಿಕಾರಿಗಳು: ನಮ್ಮ ಆಸ್ಪತ್ರೆಯ ಆಡಳಿತದಲ್ಲಿ ಮೇಲಿನವರೇ ಹೆಚ್ಚಾಗಿದ್ದಾರೆಯೇ?

ಪಡೀಲ್‌ನವ:
ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಒಂದು ಟ್ರಸ್ಟ್ ಆಸ್ಪತ್ರೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಹೆಸರು ಬೇಡ. ಕಳೆದ ಸಭೆಯಲ್ಲಿ ಟ್ರಸ್ಟಿಗಳೊಬ್ಬರು, ಆಡಳಿತ ವಿಭಾಗದಲ್ಲಿ ಕೆಲಸ ಮಾಡುವವರಿಗಿಂತ ಮಾಡಿಸುವವರೇ ಹೆಚ್ಚಾಗಿದ್ದಾರೆಂದು ಹೇಳಿ, ಅದು ನಿಜವೋ ಸುಳ್ಳೋ ಎಂಬುದನ್ನು ಪರಿಶೀಲಿಸಿ ವರದಿ ಕೊಡುವ ಹೊಣೆಯನ್ನು ನನಗೆ ಒಪ್ಪಿಸಿದ್ದಾರೆ. ವೈದ್ಯರು ಮತ್ತು ದಾದಿಯರನ್ನು ಬಿಟ್ಟು ಬಿಲ್ಲಿಂಗ್, ವಿಮೆ, ಖರೀದಿ, ಸ್ಟೋರ್ಸ್, ವೈದ್ಯಕೀಯ ದಾಖಲೆ, ಎಚ್.ಆರ್., ಫ್ರಂಟ್ ಆಫೀಸ್ ಮುಂತಾದ ವಿಭಾಗಗಳಲ್ಲಿ ಆಡಳಿತಾಧಿಕಾರಿಯನ್ನೂ ಸೇರಿಸಿ 184 ಮಂದಿ ಇದ್ದಾರೆ. ಪದನಾಮದಲ್ಲಿ ಮ್ಯಾನೇಜರ್, ಅಧಿಕಾರಿ ಅಥವಾ ಇನ್‌ಚಾರ್ಜ್ ಎಂದಿರುವವರನ್ನು ಎಣಿಸಿದಾಗ 58 ಬಂತು. ಅಂದರೆ ಮೂವರಲ್ಲಿ ಒಬ್ಬರು ಅಧಿಕಾರಿ. ಇಷ್ಟರಿಂದಲೇ ಟ್ರಸ್ಟಿಗಳ ಮಾತು ಸರಿ ಎಂದು ಬರೆದುಬಿಡಬಹುದೇ, ಅಥವಾ ಲೆಕ್ಕ ಬೇರೆ ರೀತಿಯಲ್ಲಿ ಆಗಬೇಕೇ ಎಂಬುದು ನನ್ನ ಪ್ರಶ್ನೆ.

ಗೇರುಬೀಜ:
ನಾನು ಗೇರುಬೀಜ ಕಾರ್ಖಾನೆಯಲ್ಲಿ 30 ವರ್ಷ ಮೇಲ್ವಿಚಾರಕನಾಗಿದ್ದವನು. ಇದಕ್ಕೆ ಇಷ್ಟು ಯೋಚಿಸುವ ಅಗತ್ಯವೇ ಇಲ್ಲ. ಒಬ್ಬ ಅಧಿಕಾರಿಯ ಕೈಕೆಳಗೆ ಕನಿಷ್ಠ ಎಂಟು ಮಂದಿ ಇರಬೇಕೆಂಬುದು ನಿಯಮ. ಸಿಪ್ಪೆ ತೆಗೆಯುವ ವಿಭಾಗದಲ್ಲಿ ನಾನು ಒಬ್ಬನೇ ನಲವತ್ತು ಹೆಂಗಸರನ್ನು ನೋಡಿಕೊಳ್ಳುತ್ತಿದ್ದೆ. 184ನ್ನು ಎಂಟರಿಂದ ಭಾಗಿಸಿದರೆ 23. ಉಳಿದ 35 ಮಂದಿ ನಿಮಗೆ ಹೆಚ್ಚುವರಿ.

ಹಳೆಯ ಎಚ್.ಆರ್.:
ಗೇರುಬೀಜದವರು ಹೇಳಿದ್ದರಲ್ಲಿ ಅರ್ಧ ಸರಿಯಿದೆ. ಒಂದೇ ಬಗೆಯ ಕೆಲಸವನ್ನು ಒಂದೇ ಸೂರಿನಡಿ ಎಲ್ಲರೂ ಮಾಡುತ್ತಿರುವಾಗ, ತಪ್ಪಾದದ್ದು ಕೂಡಲೇ ಕಣ್ಣಿಗೆ ಬೀಳುವುದರಿಂದ, ಒಬ್ಬರು ನಲವತ್ತು ಮಂದಿಯನ್ನು ನೋಡಿಕೊಳ್ಳಬಹುದು. ವಿಮಾ ವಿಭಾಗದಲ್ಲಿ ಒಂದೊಂದು ಕೇಸೂ ಬೇರೆ, ಒಂದೊಂದು ಕಂಪೆನಿಯ ತಕರಾರೂ ಬೇರೆ. ಅಲ್ಲಿ ಐದು ಮಂದಿಯೇ ಒಬ್ಬ ಇನ್‌ಚಾರ್ಜ್‌ಗೆ ಸಾಕಾಗುತ್ತದೆ. ಆದ್ದರಿಂದ ಎಲ್ಲ ವಿಭಾಗಗಳಿಗೂ ಎಂಟು ಎಂಬ ಒಂದೇ ಅಳತೆ ನಿಲ್ಲುವುದಿಲ್ಲ. ಮೊದಲು ಕೆಲಸದ ಸ್ವರೂಪವನ್ನು ನೋಡಿ, ಆಮೇಲೆ ಸಂಖ್ಯೆಯನ್ನು ನಿರೀಕ್ಷಿಸಬೇಕು.

ಪಡೀಲ್‌ನವರೇ, ನಿಮ್ಮ ಲೆಕ್ಕದಲ್ಲಿ ಅದಕ್ಕಿಂತ ಮೂಲಭೂತವಾದ ತೊಡಕೊಂದಿದೆ. ನೀವು ಪದನಾಮವನ್ನು ಎಣಿಸಿದ್ದೀರಿ. ನಮ್ಮ ಕರಾವಳಿಯ ಆಸ್ಪತ್ರೆಗಳಲ್ಲಿ ಸಂಬಳ ಏರಿಸಲು ದುಡ್ಡಿಲ್ಲದ ವರ್ಷ ಪದನಾಮ ಏರಿಸುವ ಪದ್ಧತಿ ಇರುವುದನ್ನು ನಾನೇ ಎರಡು ಕಡೆ ಕಂಡಿದ್ದೇನೆ, ಒಂದು ಕಡೆ ಆದೇಶಕ್ಕೆ ಸಹಿಯನ್ನೂ ಹಾಕಿದ್ದೇನೆ. ಎಣಿಸಬೇಕಾದದ್ದು ಯಾರ ಕೈಕೆಳಗೆ ನಿಜವಾಗಿ ಜನರಿದ್ದಾರೆ ಎಂಬುದನ್ನು. ನಿಮ್ಮ ಹಾಜರಾತಿ ತಂತ್ರಾಂಶದಿಂದ ಪ್ರತಿಯೊಬ್ಬರ ಸಂಖ್ಯೆಯನ್ನು A ಕಾಲಂನಲ್ಲಿ, ಅವರ ಮೇಲಧಿಕಾರಿಯ ಸಂಖ್ಯೆಯನ್ನು B ಕಾಲಂನಲ್ಲಿ ಹಾಕಿಕೊಳ್ಳಿ. ಆಡಳಿತಾಧಿಕಾರಿಯ ಎದುರು B ಖಾಲಿ ಇರಲಿ. ಆಮೇಲೆ ಈ ಎರಡು ಸೂತ್ರಗಳು ಸಾಕು:

```
C2:  =IFERROR(IF(VLOOKUP(B2,$A:$B,2,FALSE)="","",VLOOKUP(B2,$A:$B,2,FALSE)),"")
N2:  =COUNTIF(B:B,A2)
```

N ಕಾಲಂನಲ್ಲಿ ಅವರ ನೇರ ಅಧೀನದಲ್ಲಿ ಎಷ್ಟು ಮಂದಿ ಇದ್ದಾರೆಂಬುದು ಬರುತ್ತದೆ. C ಕಾಲಂನಲ್ಲಿ ಮೇಲಧಿಕಾರಿಯ ಮೇಲಧಿಕಾರಿ ಬರುತ್ತಾರೆ. ಅದನ್ನು L ಕಾಲಂವರೆಗೆ ಬಲಕ್ಕೆ ಎಳೆದರೆ ಮೆಟ್ಟಿಲು ಮೆಟ್ಟಿಲಾಗಿ ಆಡಳಿತಾಧಿಕಾರಿಯವರೆಗೆ ಹೋಗಿ ನಿಲ್ಲುತ್ತದೆ. ಯಾವುದಾದರೂ ಸಾಲು ನಿಲ್ಲದೆ ಕೊನೆಯವರೆಗೂ ತುಂಬುತ್ತಾ ಹೋದರೆ ಇಬ್ಬರನ್ನು ಪರಸ್ಪರರ ಮೇಲಧಿಕಾರಿಯೆಂದು ನಮೂದಿಸಲಾಗಿದೆ ಎಂದು ತಿಳಿಯಿರಿ. ನಗಬೇಡಿ, ಹಾಗೆ ಇರುತ್ತದೆ.

ಸೂತ್ರಕ್ಕಿಂತ ಹೆಚ್ಚು ಶ್ರಮ ಬೇಕಾಗುವುದು B ಕಾಲಂಗೆ. ತಂತ್ರಾಂಶದಲ್ಲಿ ಆ ಜಾಗವನ್ನು ತುಂಬಿರುವುದು ರಜೆ ಮಂಜೂರಾತಿಗಾಗಿ. ರಜೆ ಕೊಡುವವರೇ ಕೆಲಸ ಹೇಳುವವರೆಂದು ನಂಬಬಾರದು. ಪ್ರತಿ ವಿಭಾಗಕ್ಕೂ ಹೋಗಿ, ಬೆಳಿಗ್ಗೆ ಕೆಲಸ ಹಂಚುವವರು ಯಾರು, ಪಾಳಿ ಬರೆಯುವವರು ಯಾರು, ತಪ್ಪಾದಾಗ ಮೊದಲು ಯಾರಿಗೆ ಹೇಳುತ್ತೀರಿ ಎಂದು ಮೂರು ಪ್ರಶ್ನೆ ಕೇಳಿ. ಮೂರಕ್ಕೂ ಒಂದೇ ಹೆಸರು ಬಂದರೆ ಅವರೇ ಮೇಲಧಿಕಾರಿ. ಮೂರಕ್ಕೆ ಮೂರು ಹೆಸರು ಬಂದರೆ ಅದನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಿ.

ಕಲ್ಯಾಣಪುರದ ಅಕ್ಕ:
ಓದಿ ಸಿಟ್ಟು ಬಂತು, ಆದ್ದರಿಂದ ಬರೆಯುತ್ತಿದ್ದೇನೆ. ನಾನು ಉಡುಪಿ ಕಡೆಯ ಒಂದು ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್. ನನ್ನ ಕೈಕೆಳಗೆ ಮೂರು ಪಾಳಿಗಳಲ್ಲಿ 24 ದಾದಿಯರಿದ್ದಾರೆ. ಅವರ ಪಾಳಿ ಬರೆಯುವುದು, ರಜೆ ಹೊಂದಿಸುವುದು, ಹೊಸಬರಿಗೆ ಕಲಿಸುವುದು, ರೋಗಿಯ ಮನೆಯವರ ದೂರು ಕೇಳುವುದು ಎಲ್ಲವೂ ನನ್ನದೇ. ಆಸ್ಪತ್ರೆಯಲ್ಲಿ ಮೇಲಿನವರು ಹೆಚ್ಚಾಗಿದ್ದಾರೆಂದು ಹೇಳುವವರು ಒಂದು ದಿನ ವಾರ್ಡಿಗೆ ಬಂದು ನಿಲ್ಲಲಿ.

ಹಳೆಯ ಎಚ್.ಆರ್.:
ಅಕ್ಕ, ಇಲ್ಲಿ ಕೇಳಿರುವುದು ದಾದಿಯರ ವಿಭಾಗದ ಬಗ್ಗೆ ಅಲ್ಲ. ಅವರು ಅದನ್ನು ಲೆಕ್ಕದಿಂದ ಹೊರಗಿಟ್ಟಿದ್ದಾರೆ. ಆದರೆ ನಿಮ್ಮಿಂದ ಒಂದು ವಿಷಯ ತಿಳಿಯಬೇಕಿತ್ತು. ವಾರ್ಡಿನಿಂದ ನೀವು ಸಾಮಾನಿಗೆ ಇಂಡೆಂಟ್ ಕೊಟ್ಟರೆ ಎಷ್ಟು ದಿನಕ್ಕೆ ಬರುತ್ತದೆ?

ಕಲ್ಯಾಣಪುರದ ಅಕ್ಕ:
ಸ್ಟೋರ್ಸ್‌ನಲ್ಲಿ ದಾಸ್ತಾನಿದ್ದರೆ ಅದೇ ದಿನ. ಇಲ್ಲದಿದ್ದರೆ ಕಾಗದ ಮೇಲೆ ಹೋಗಿ ಕೆಳಗೆ ಬರುವಾಗ ಆರೇಳು ದಿನ. ಅದಕ್ಕೇ ನಾವು ಐವಿ ಸೆಟ್, ಕ್ಯಾನುಲಾ ಎಲ್ಲವನ್ನೂ ಬೇಕಾದದ್ದಕ್ಕಿಂತ ಹೆಚ್ಚು ಬರೆದು ಕಪಾಟಿನಲ್ಲಿ ಇಟ್ಟುಕೊಳ್ಳುತ್ತೇವೆ. ಮಳೆಗಾಲದಲ್ಲಿ ಡೆಂಗಿ, ಮಲೇರಿಯಾ ಎಂದು ವಾರ್ಡ್ ತುಂಬಿದಾಗ ಯಾರ ಸಹಿಗಾಗಿಯೂ ಕಾಯುವಂತಿಲ್ಲವಲ್ಲ.

ಹಳೆಯ ಎಚ್.ಆರ್.:
ಪಡೀಲ್‌ನವರು ಈ ಉತ್ತರವನ್ನು ಗುರುತು ಹಾಕಿಕೊಳ್ಳಲಿ. ಆಡಳಿತದಲ್ಲಿ ಮೆಟ್ಟಿಲುಗಳು ಹೆಚ್ಚಾಗಿವೆಯೆಂಬುದು ಮೊದಲು ಕಾಣುವುದು ನಕ್ಷೆಯಲ್ಲಲ್ಲ, ವಾರ್ಡಿನ ಕಪಾಟಿನಲ್ಲಿ. ನಿಮ್ಮ ಆಸ್ಪತ್ರೆಯ ನಾಲ್ಕು ಕಪಾಟುಗಳನ್ನು ತೆರೆಸಿ, ಎಷ್ಟು ದಿನಕ್ಕಾಗುವಷ್ಟು ಸಾಮಾನು ಇದೆಯೆಂದು ನೋಡಿ.

ಪಡೀಲ್‌ನವ (ಹದಿನೇಳು ದಿನಗಳ ನಂತರ):
ತಡವಾದುದಕ್ಕೆ ಕ್ಷಮೆಯಿರಲಿ. ಮೂರು ಪ್ರಶ್ನೆ ಕೇಳಿಕೊಂಡು ಎಲ್ಲ ವಿಭಾಗಗಳನ್ನು ಸುತ್ತಿ ಬರಲು ಇಷ್ಟು ದಿನ ಬೇಕಾಯಿತು. ವೈದ್ಯಕೀಯ ದಾಖಲೆ ವಿಭಾಗದ 14 ಮಂದಿಯೂ ತಂತ್ರಾಂಶದಲ್ಲಿ ಎಚ್.ಆರ್. ಅಧಿಕಾರಿಯ ಕೈಕೆಳಗಿದ್ದರು. ಹಿಂದಿನ ಮುಖ್ಯಸ್ಥರು ಬಿಟ್ಟುಹೋದಾಗ ರಜೆ ಕೊಡಲು ಯಾರಾದರೂ ಬೇಕೆಂದು ಹಾಗೆ ಮಾಡಿದ್ದಂತೆ, ಆಮೇಲೆ ಯಾರೂ ಬದಲಿಸಲಿಲ್ಲ.

ಸರಿಪಡಿಸಿದ ಮೇಲೆ, ನಿಜವಾಗಿ ಕೈಕೆಳಗೆ ಒಬ್ಬರಾದರೂ ಇರುವವರು 41 ಮಂದಿ. ಪದನಾಮವಿದ್ದ 58ರಲ್ಲಿ 20 ಮಂದಿಯ ಕೈಕೆಳಗೆ ಯಾರೂ ಇಲ್ಲ. ಇನ್ನೊಂದು ಕಡೆಯಿಂದ, ಯಾವ ಪದನಾಮವೂ ಇಲ್ಲದ ಮೂವರು ಹಿರಿಯ ಗುಮಾಸ್ತರು ದಿನವೂ ಕೆಲಸ ಹಂಚುತ್ತಿದ್ದಾರೆ. ಆಡಳಿತಾಧಿಕಾರಿಯನ್ನು ಬಿಟ್ಟು ಉಳಿದ 183 ಮಂದಿಯನ್ನು 41ರಿಂದ ಭಾಗಿಸಿದರೆ ಸರಾಸರಿ ನಾಲ್ಕೂವರೆಗೆ ಸ್ವಲ್ಪ ಕಡಿಮೆ. ಆದರೆ ಈ ಸರಾಸರಿಯಷ್ಟು ಮಂದಿ ಇರುವ ಅಧಿಕಾರಿಗಳೇ ಅಪರೂಪ. 11 ಮಂದಿಯ ಕೈಕೆಳಗೆ ಒಬ್ಬರೇ, 8 ಮಂದಿಯ ಕೈಕೆಳಗೆ ಇಬ್ಬರು, 6 ಮಂದಿಯ ಕೈಕೆಳಗೆ ಮೂವರು ಇದ್ದಾರೆ. ಇತ್ತ ನಾಲ್ವರೇ ಇನ್‌ಚಾರ್ಜ್‌ಗಳು 63 ಮಂದಿಯನ್ನು ನೋಡಿಕೊಳ್ಳುತ್ತಿದ್ದಾರೆ. ಬಿಲ್ಲಿಂಗ್ ಇನ್‌ಚಾರ್ಜ್ ಮೇಡಂ ಒಬ್ಬರ ಪಾಲಿಗೇ 21. ಮೇಲಿನಿಂದ ಕೆಳಗಿನವರೆಗೆ ಅತಿ ಉದ್ದದ ಸಾಲಿನಲ್ಲಿ 7 ಮೆಟ್ಟಿಲುಗಳಿವೆ.

ಹಾಗಾದರೆ ಟ್ರಸ್ಟಿಗಳು ಹೇಳಿದ್ದು ನಿಜವೋ ಸುಳ್ಳೋ? ನನಗೆ ಈಗ ಮೊದಲಿಗಿಂತ ಹೆಚ್ಚು ಗೊಂದಲವಾಗಿದೆ.

ಹಳೆಯ ಎಚ್.ಆರ್.:
ಗೊಂದಲ ಬೇಡ, ನಿಮ್ಮ ಬಳಿ ಎರಡು ಬೇರೆ ಬೇರೆ ಸಮಸ್ಯೆಗಳಿವೆ. ಸರಾಸರಿ ಅವೆರಡನ್ನೂ ಕಲಸಿ ಮುಚ್ಚಿಬಿಟ್ಟಿದೆ.

ಮೊದಲು ಮೆಟ್ಟಿಲನ್ನು ನೋಡೋಣ. ಪ್ರತಿಯೊಬ್ಬರ ಕೈಕೆಳಗೂ ನಾಲ್ಕೇ ಮಂದಿ ಎಂದು ಹಿಡಿದರೂ, ಮೇಲೆ ಒಬ್ಬರು, ಆಮೇಲೆ 4, 16, 64 ಎಂದು ಇಳಿದರೆ ನಾಲ್ಕು ಮೆಟ್ಟಿಲಿಗೆ 85 ಮಂದಿ ಆಗುತ್ತಾರೆ, ಐದನೆಯದರಲ್ಲಿ 256 ಮಂದಿಗೆ ಜಾಗವಿರುತ್ತದೆ. ಅಂದರೆ ನಿಮ್ಮ 184 ಮಂದಿಗೆ ಐದು ಮೆಟ್ಟಿಲು ಧಾರಾಳವಾಯಿತು. ಏಳು ಆಗಿದೆಯೆಂದರೆ ಎಲ್ಲೋ ಒಬ್ಬರ ಕೆಳಗೆ ಒಬ್ಬರು, ಅವರ ಕೆಳಗೆ ಇನ್ನೊಬ್ಬರು ಎಂದು ಸರಪಳಿ ಹಾಗೆ ನೇತುಬಿದ್ದಿದ್ದಾರೆ. ಆ ಸಾಲು ಯಾವ ವಿಭಾಗದ್ದು?

ಪಡೀಲ್‌ನವ:
ಖರೀದಿ ವಿಭಾಗದ್ದು, ಸರ್. ಆಡಳಿತಾಧಿಕಾರಿಯ ಕೆಳಗೆ ಜನರಲ್ ಮ್ಯಾನೇಜರ್. ಅವರ ಕೆಳಗೆ ಖರೀದಿ ಮ್ಯಾನೇಜರ್, ಡೆಪ್ಯುಟಿ ಮ್ಯಾನೇಜರ್, ಅಸಿಸ್ಟೆಂಟ್ ಮ್ಯಾನೇಜರ್, ಸ್ಟೋರ್ಸ್ ಅಧಿಕಾರಿ ಹೀಗೆ ಒಬ್ಬರ ಕೆಳಗೊಬ್ಬರು, ಕೊನೆಗೆ ಐವರು ಗುಮಾಸ್ತರು. ವಿಭಾಗದಲ್ಲಿರುವುದೇ 9 ಮಂದಿ.

ಗೇರುಬೀಜ:
ಐದು ಮಂದಿಗೆ ನಾಲ್ಕು ಮೇಸ್ತ್ರಿಗಳು! ಮಾರಾಯರೇ, ಇನ್ನೂ ಏನು ಪರಿಶೀಲನೆ? ಇಬ್ಬರನ್ನು ತೆಗೆದರೆ ವರದಿ ಮುಗಿಯಿತು.

ನಿವೃತ್ತ ಬ್ಯಾಂಕಿನವ:
ಸ್ವಲ್ಪ ನಿಧಾನ. ನಾನು ಬ್ಯಾಂಕಿನಲ್ಲಿ ಶಾಖೆ, ಪ್ರಾದೇಶಿಕ ಕಚೇರಿ, ವಲಯ ಕಚೇರಿ ಎಲ್ಲವನ್ನೂ ಕಂಡವನು. 2020ರ ಏಪ್ರಿಲ್‌ನಲ್ಲಿ ನಮ್ಮ ಊರಿನ ಎರಡು ಬ್ಯಾಂಕುಗಳು ದೊಡ್ಡ ಬ್ಯಾಂಕುಗಳಲ್ಲಿ ಸೇರಿಹೋದಾಗ ಎಷ್ಟೋ ಹುದ್ದೆಗಳ ಬಗ್ಗೆ ಇದೇ ಮಾತು ಕೇಳಿಬಂದಿತ್ತು. ಎರಡನೆಯ ಸಹಿ ಇರುವುದು ಮೇಲ್ವಿಚಾರಣೆಗಾಗಿ ಮಾತ್ರ ಅಲ್ಲ. ಒಬ್ಬನೇ ಬೇಡಿಕೆ ಬರೆದು, ದರ ಒಪ್ಪಿ, ಸಾಮಾನು ಪಡೆದು, ಬಿಲ್ಲಿಗೂ ಸಹಿ ಹಾಕಿದರೆ ಆ ಆಸ್ಪತ್ರೆಯಲ್ಲಿ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಖರೀದಿಯಲ್ಲಿ ಮೆಟ್ಟಿಲು ಇಳಿಸುವ ಭರದಲ್ಲಿ ಆ ತಡೆಗೋಡೆಯನ್ನೂ ಕೆಡವಿಬಿಟ್ಟೀರಿ.

ಹಳೆಯ ಎಚ್.ಆರ್.:
ಬ್ಯಾಂಕಿನವರ ಎಚ್ಚರಿಕೆ ಯೋಗ್ಯವಾದದ್ದು. ಆದರೆ ಆ ಎರಡನೆಯ ಸಹಿ ಮೇಲಧಿಕಾರಿಯದೇ ಆಗಬೇಕೆಂದಿಲ್ಲ, ಕೈ ಬೇರೆಯಾಗಿದ್ದರೆ ಸಾಕು. ಲೆಕ್ಕಪತ್ರದ ಗುಮಾಸ್ತರೊಬ್ಬರು ಪಕ್ಕದಿಂದ ಪರೀಕ್ಷಿಸಿದರೂ ತಡೆಗೋಡೆ ನಿಲ್ಲುತ್ತದೆ, ಮೆಟ್ಟಿಲು ಹೆಚ್ಚುವುದಿಲ್ಲ. ಯಾವ ಸಹಿ ಯಾವುದಕ್ಕೆಂದು ತಿಳಿಯಲು ಕಡತಗಳನ್ನೇ ಕೇಳಬೇಕು. ಇತ್ತೀಚಿನ 40 ಇಂಡೆಂಟ್‌ಗಳನ್ನು ತೆಗೆದುಕೊಂಡು, ಪ್ರತಿ ಮೇಜಿಗೆ ಬಂದ ದಿನ, ಹೋದ ದಿನ, ಅಲ್ಲಿ ಪ್ರಮಾಣವೋ ದರವೋ ಸರಬರಾಜುದಾರರೋ ಬದಲಾದರೇ ಎಂಬುದನ್ನು ಬರೆಯಿರಿ. ಸಹಿ ಮಾತ್ರ ಬಿದ್ದದ್ದನ್ನು ಬದಲಾವಣೆ ಎಂದು ಎಣಿಸಬೇಡಿ.

ಪಡೀಲ್‌ನವ:
ನೋಡಿದೆ. ಸ್ಟೋರ್ಸ್ ಅಧಿಕಾರಿಯ ಮೇಜಿನಲ್ಲಿ 40ರಲ್ಲಿ 9 ಬದಲಾಗಿವೆ. ಹೆಚ್ಚಿನವು ದಾಸ್ತಾನು ಇದ್ದೂ ಕೇಳಿದ್ದವು. ಖರೀದಿ ಮ್ಯಾನೇಜರ್ ಮೇಜಿನಲ್ಲಿ ದರದ ಚೌಕಾಸಿಯಿಂದ 6 ಬದಲಾಗಿವೆ. ಮಧ್ಯದಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ 1 ಬದಲಿಸಿದ್ದಾರೆ, ಡೆಪ್ಯುಟಿ ಮ್ಯಾನೇಜರ್ ಒಂದನ್ನೂ ಬದಲಿಸಿಲ್ಲ. ಈ ಎರಡು ಮೇಜುಗಳನ್ನು ದಾಟಲು ಸಾಮಾನ್ಯವಾಗಿ ಮೂರು ಕೆಲಸದ ದಿನ ಹಿಡಿದಿದೆ. ನೀವು ಹೇಳಿದಂತೆ ನಾಲ್ಕು ವಾರ್ಡುಗಳ ಕಪಾಟನ್ನೂ ನೋಡಿದೆ. ಒಂದರಲ್ಲಿ ಒಂದೂವರೆ ತಿಂಗಳಿಗೆ ಸಾಲುವಷ್ಟು ಕ್ಯಾನುಲಾ ಇತ್ತು, ಅದರಲ್ಲಿ ಒಂದು ಪೆಟ್ಟಿಗೆಯ ಅವಧಿ ಮುಗಿದಿತ್ತು.

ನಿವೃತ್ತ ಬ್ಯಾಂಕಿನವ:
ಡೆಪ್ಯುಟಿ ಮ್ಯಾನೇಜರ್ ಕಾಗದದ ಮೇಲೆ ಬದಲಿಸಿಲ್ಲವೆಂದರೆ ಅವರಿಂದ ಪ್ರಯೋಜನವಿಲ್ಲವೆಂದು ಅರ್ಥವಲ್ಲ. ಅವರು ಮೊದಲೇ ಬಾಯಲ್ಲಿ ಹೇಳಿ ಸರಿಪಡಿಸಿರಬಹುದು. ಅವರು ನೋಡುತ್ತಾರೆಂಬ ಭಯದಿಂದಲೇ ಕೆಳಗಿನವರು ಸರಿಯಾಗಿ ಬರೆಯುತ್ತಿರಬಹುದು. ನಿಮ್ಮ 40 ಕಡತಗಳಲ್ಲಿ ಅದು ಕಾಣುವುದಿಲ್ಲ.

ಹಳೆಯ ಎಚ್.ಆರ್.:
ಒಪ್ಪಿದೆ. ಈ ವಿಧಾನದ ಮಿತಿ ಅದೇ. ಅದನ್ನು ಪರೀಕ್ಷಿಸಲು ನನಗೆ ತಿಳಿದ ಒಂದೇ ದಾರಿ ಅವರು ದೀರ್ಘ ರಜೆಯಲ್ಲಿದ್ದ ಅವಧಿಯ ಕಡತಗಳನ್ನು ನೋಡುವುದು. ಆ ದಿನಗಳಲ್ಲಿ ಮ್ಯಾನೇಜರ್ ಮೇಜಿನಿಂದ ಹಿಂದಿರುಗಿದವು ಹೆಚ್ಚಾಗಿದ್ದರೆ ಬ್ಯಾಂಕಿನವರ ಮಾತು ಸರಿ, ಇಲ್ಲದಿದ್ದರೆ ನನ್ನ ಅನುಮಾನ ಸರಿ.

ಇನ್ನೊಂದು ವಿಷಯ. ವರದಿಯಲ್ಲಿ 41 ಮ್ಯಾನೇಜರುಗಳೆಂದು ಬರೆದರೆ ಟ್ರಸ್ಟಿಗಳು 41 ಸಂಬಳಗಳನ್ನು ನೋಡುತ್ತಾರೆ. ಕೈಕೆಳಗೆ ಒಬ್ಬರೋ ಇಬ್ಬರೋ ಇರುವವರು ವಾರದಲ್ಲಿ ಅರ್ಧ ದಿನವೂ ಮೇಲ್ವಿಚಾರಣೆ ಮಾಡುವುದಿಲ್ಲ, ಉಳಿದ ಹೊತ್ತು ತಮ್ಮದೇ ಕೆಲಸದಲ್ಲಿರುತ್ತಾರೆ. ಎರಡು ವಾರ ಎಲ್ಲರಿಂದಲೂ ದಿನಚರಿ ಬರೆಸಿ, ಜನರನ್ನು ನೋಡಿಕೊಳ್ಳಲು ಹೋದ ಹೊತ್ತನ್ನು ಮಾತ್ರ ಕೂಡಿಸಿ.

ಪಡೀಲ್‌ನವ (ಮೂರು ವಾರಗಳ ನಂತರ):
ದಿನಚರಿ ಬಂತು. ಒಬ್ಬಿಬ್ಬರನ್ನು ನೋಡಿಕೊಳ್ಳುವ 19 ಮಂದಿ ಸರಾಸರಿ ಹತ್ತನೇ ಒಂದು ಪಾಲು ಹೊತ್ತನ್ನೂ, ಮೂವರನ್ನು ನೋಡಿಕೊಳ್ಳುವ 6 ಮಂದಿ ಐದನೇ ಒಂದು ಪಾಲನ್ನೂ, ಉಳಿದ 16 ಮಂದಿ ಸುಮಾರು ಅರ್ಧವನ್ನೂ ಇದಕ್ಕೆ ಕೊಡುತ್ತಿದ್ದಾರೆ. ಎಲ್ಲವನ್ನೂ ಕೂಡಿಸಿದರೆ ಸುಮಾರು 11 ಮಂದಿಯ ಪೂರ್ಣಾವಧಿ ಕೆಲಸವಾಗುತ್ತದೆ. ತಾವೇ ಬರೆದುಕೊಟ್ಟ ಲೆಕ್ಕವಾದುದರಿಂದ ಸ್ವಲ್ಪ ಹೆಚ್ಚೇ ಬರೆದಿರುತ್ತಾರೆ, ಕಡಿಮೆ ಬರೆದಿರಲಾರರು.

ಡೆಪ್ಯುಟಿ ಮ್ಯಾನೇಜರ್ ಕಳೆದ ವರ್ಷ ಐದು ವಾರ ರಜೆಯಲ್ಲಿದ್ದರು. ಆ ಅವಧಿಯಲ್ಲಿ 31 ಇಂಡೆಂಟ್‌ಗಳು, ಮ್ಯಾನೇಜರ್ ಬದಲಿಸಿದ್ದು 5. ಸುಮಾರಾಗಿ ಅದೇ ಪ್ರಮಾಣ. ಇಷ್ಟು ಸಣ್ಣ ಸಂಖ್ಯೆಯಿಂದ ಖಚಿತವಾಗಿ ಏನನ್ನೂ ಹೇಳಲಾಗದೆಂಬುದು ನನಗೂ ಗೊತ್ತಿದೆ.

ವರದಿಯಲ್ಲಿ ಹೀಗೆ ಬರೆದೆ. ಆಡಳಿತದಲ್ಲಿ ಪದನಾಮಗಳು ಹೆಚ್ಚಾಗಿವೆ, ಮೇಲ್ವಿಚಾರಣೆಯ ಹೊತ್ತು ಹೆಚ್ಚಾಗಿಲ್ಲ. ಖರೀದಿಯಲ್ಲಿ ಎರಡು ಮೆಟ್ಟಿಲು ಹೆಚ್ಚಾಗಿವೆ. ಬಿಲ್ಲಿಂಗ್‌ನಲ್ಲಿ ಒಬ್ಬರು ಕಡಿಮೆ ಇದ್ದಾರೆ. ಇಂಡೆಂಟ್ ಇನ್ನು ಮುಂದೆ ಸ್ಟೋರ್ಸ್ ಅಧಿಕಾರಿಯಿಂದ ನೇರವಾಗಿ ಮ್ಯಾನೇಜರ್ ಬಳಿಗೆ ಹೋಗಲಿ, ಅಸಿಸ್ಟೆಂಟ್ ಮ್ಯಾನೇಜರ್ ವಾರ್ಷಿಕ ದರ ಒಪ್ಪಂದಗಳನ್ನು ನೋಡಿಕೊಳ್ಳಲಿ, ಮಾರ್ಚ್‌ನಲ್ಲಿ ನಿವೃತ್ತರಾಗುವ ಡೆಪ್ಯುಟಿ ಮ್ಯಾನೇಜರ್ ಹುದ್ದೆಯನ್ನು ತುಂಬುವುದು ಬೇಡ, ಅದೇ ಸಂಬಳದಲ್ಲಿ ಬಿಲ್ಲಿಂಗ್‌ಗೆ ಸಂಜೆ ಪಾಳಿಯ ಇನ್‌ಚಾರ್ಜ್ ಒಬ್ಬರು ಬರಲಿ ಎಂದು ಸಲಹೆ ಕೊಟ್ಟೆ. ಈಗ ಸಂಜೆ ಐದರ ನಂತರ ಬಡ ರೋಗಿಯೊಬ್ಬರು ಬಿಲ್ಲಿನಲ್ಲಿ ಎರಡು ಸಾವಿರಕ್ಕಿಂತ ಹೆಚ್ಚು ರಿಯಾಯಿತಿ ಕೇಳಿದರೆ ಸಹಿ ಹಾಕುವವರು ಇರುವುದಿಲ್ಲ, ಮರುದಿನ ಬೆಳಿಗ್ಗೆಯವರೆಗೆ ಹಾಸಿಗೆ ಬಿಡಲಾಗುವುದಿಲ್ಲ.

ಎಷ್ಟು ಸಂಬಳ ಉಳಿಯಿತೆಂದು ಟ್ರಸ್ಟಿಗಳು ಕೇಳಿದರು. ಏನೂ ಉಳಿಯಲಿಲ್ಲವೆಂದೆ. ಮುಖ ಸ್ವಲ್ಪ ಸಪ್ಪೆಯಾಯಿತು. ಸಲಹೆಗಳನ್ನು ಮುಂದಿನ ಸಭೆಗೆ ಇಟ್ಟಿದ್ದಾರೆ.

ಗೇರುಬೀಜ:
ನನ್ನ 35 ಮಂದಿಯ ಲೆಕ್ಕವನ್ನು ಹಿಂದೆಗೆದುಕೊಳ್ಳುತ್ತೇನೆ. ಆದರೆ ಸ್ವಚ್ಛತೆಯವರ ವಿಷಯ ಯಾರೂ ಎತ್ತಲಿಲ್ಲ. ಅವರೂ ಆಡಳಿತವೇ ಅಲ್ಲವೇ?

ಪಡೀಲ್‌ನವ:
ಅದೇ ನನಗೂ ಬಗೆಹರಿಯದ ಭಾಗ. ಸ್ವಚ್ಛತೆಯ 96 ಮಂದಿ ಗುತ್ತಿಗೆಯವರಾದುದರಿಂದ 184ರಲ್ಲಿ ಇಲ್ಲ. ಅವರನ್ನು ನೋಡಿಕೊಳ್ಳುವ ನಮ್ಮ 6 ಮೇಲ್ವಿಚಾರಕರು ಮಾತ್ರ ಇದ್ದಾರೆ, ಹಾಗಾಗಿ ಅವರು ಕೈಕೆಳಗೆ ಯಾರೂ ಇಲ್ಲದ 20ರ ಗುಂಪಿಗೆ ಬಿದ್ದಿದ್ದಾರೆ. ಗುತ್ತಿಗೆಯವರನ್ನು ಸೇರಿಸಿದರೆ 279 ಮಂದಿಗೆ 47 ಮೇಲಧಿಕಾರಿಗಳು, ಸರಾಸರಿ ಆರರ ಹತ್ತಿರಕ್ಕೆ ಏರುತ್ತದೆ. ಆದರೆ ಗುತ್ತಿಗೆದಾರರ ಕಡೆಯಿಂದಲೂ ಪಾಳಿಗೊಬ್ಬರು ಮೇಲ್ವಿಚಾರಕರಿದ್ದಾರೆ.

ನಿವೃತ್ತ ಬ್ಯಾಂಕಿನವ:
ಹಾಗಾದರೆ ಸೇರಿಸಬಾರದು. ಗುತ್ತಿಗೆಯವರಿಗೆ ನಿಮ್ಮವರು ನೇರವಾಗಿ ಕೆಲಸ ಹೇಳುತ್ತಾರೆಂದು ನೀವೇ ನಕ್ಷೆಯಲ್ಲಿ ಬರೆದುಕೊಟ್ಟರೆ, ನಾಳೆ ಕಾರ್ಮಿಕ ನ್ಯಾಯಾಲಯದಲ್ಲಿ ಅವರು ನಿಮ್ಮದೇ ನೌಕರರೆಂದು ವಾದಿಸಲು ಆ ಕಾಗದವೇ ಆಧಾರವಾದೀತು.

ಹಳೆಯ ಎಚ್.ಆರ್.:
ಕಾನೂನಿನ ಭಯ ಬೇರೆ, ಅಳತೆ ಬೇರೆ. ನಿಜವಾಗಿ ಕೆಲಸ ಹೇಳುವವರು ಗುತ್ತಿಗೆದಾರರ ಕಡೆಯವರೇ ಆಗಿದ್ದರೆ ನಿಮ್ಮ ಆರು ಮಂದಿ ಅದೇ ಕೆಲಸವನ್ನು ಎರಡನೆಯ ಬಾರಿ ಮಾಡುತ್ತಿದ್ದಾರೆ. ನಿಮ್ಮವರೇ ಹೇಳುತ್ತಿದ್ದರೆ ಗುತ್ತಿಗೆದಾರರ ಮೇಲ್ವಿಚಾರಕರಿಗೆ ನೀವು ವೃಥಾ ದುಡ್ಡು ಕೊಡುತ್ತಿದ್ದೀರಿ. ಎರಡರಲ್ಲಿ ಯಾವುದೆಂದು ಸ್ಥಳಕ್ಕೆ ಹೋಗದೆ ತಿಳಿಯದು.

ಪಡೀಲ್‌ನವ:
ಬರುವ ಸೋಮವಾರ ಬೆಳಿಗ್ಗೆ ಆರಕ್ಕೆ ಹೋಗಿ, ಯಾರು ಯಾರಿಗೆ ಯಾವ ಮಹಡಿ ಹಂಚುತ್ತಾರೆಂದು ನೋಡುತ್ತೇನೆ.

ಕಲ್ಯಾಣಪುರದ ಅಕ್ಕ:
ಬೆಳಿಗ್ಗೆ ಆರಕ್ಕೆ ಹೋಗಬೇಡಿ, ಆ ಹೊತ್ತಿಗೆ ಎರಡೂ ಕಡೆಯ ಮೇಲ್ವಿಚಾರಕರು ಇಸ್ತ್ರಿ ಹಾಕಿದ ಅಂಗಿ ತೊಟ್ಟು ನಿಂತಿರುತ್ತಾರೆ. ರಾತ್ರಿ ಹತ್ತರ ನಂತರ ವಾರ್ಡಿನಲ್ಲಿ ಯಾರಾದರೂ ವಾಂತಿ ಮಾಡಿಕೊಂಡಾಗ ದಾದಿ ಯಾರಿಗೆ ಫೋನ್ ಮಾಡುತ್ತಾಳೆಂದು ಕೇಳಿ.

ಪಡೀಲ್‌ನವ:
ಸರಿ ಅಕ್ಕ, ರಾತ್ರಿಯೇ ಹೋಗುತ್ತೇನೆ.